ಸರಾಸರಿ ಮುಟ್ಟಿದ ಮಿತಿಯನ್ನು ದರ ಏಕೆ ಮುಟ್ಟಲಿಲ್ಲ: ನನ್ನ ಅನುಭವ

ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಯಂತ್ರಗಳ ಕೆಡುವಿಕೆಯ ದಾಖಲೆಗಳನ್ನು ವಿಶ್ಲೇಷಿಸುವುದು ನನ್ನ ಕೆಲಸ. ಒಮ್ಮೆ ಒಂದು ಕಂಪ್ರೆಸರ್ ಒಂದು ಸಲ ಕೆಟ್ಟ ಮೇಲೆ ಮತ್ತೆ ಕೆಡುವವರೆಗೆ ಎಷ್ಟು ಗಂಟೆ ಓಡಿತು ಎಂಬ ಹತ್ತು ಅಂಕಿಗಳು ನನ್ನ ಮುಂದೆ ಬಂದವು: 12, 95, 41, 160, 7, 228, 63, 30, 118, 46. ಒಟ್ಟು 800 ಗಂಟೆ, ಸರಾಸರಿ 80. ಈ 80ನ್ನು ಎಷ್ಟರ ಮಟ್ಟಿಗೆ ನಂಬಬಹುದು, ಇದೇ ಹತ್ತು ಅಂಕಿಗಳಿಂದ ಬೇರೆ ಯಾವುದಾದರೂ ಸೂತ್ರ ಇದಕ್ಕಿಂತ ನಿಖರವಾದ ಅಂದಾಜನ್ನು ಕೊಡಬಲ್ಲದೇ ಎಂದು ಮೇಲಧಿಕಾರಿಯೊಬ್ಬರು ಕೇಳಿದರು. ಮೊದಲ ಪ್ರಶ್ನೆಗೆ ಉತ್ತರ ಕೈಯಲ್ಲೇ ಇತ್ತು. ಎರಡನೆಯದಕ್ಕೆ ಉತ್ತರ ಕೊಡಲು, ಅಂದಾಜು ಎಷ್ಟು ನಿಖರವಾಗಿರಬಲ್ಲದು ಎಂಬುದಕ್ಕೆ ಮಿತಿ ಹಾಕುವ ಫಿಶರ್ ಮಾಹಿತಿ ಎಂಬ ಅಳತೆಯನ್ನು ನಾನು ಮೊದಲಿನಿಂದ ಲೆಕ್ಕ ಹಾಕಬೇಕಾಯಿತು, ಹಾಗೆ ಹಾಕುವಾಗ ಒಂದು ಕಡೆ ಎರಡು ದಿನ ಸಿಕ್ಕಿಹಾಕಿಕೊಂಡೆ.

ಈ ಅಂಕಿಗಳಿಗೆ ಘಾತೀಯ ವಿತರಣೆ ಹೊಂದುತ್ತದೆ ಎಂದು ಭಾವಿಸಲು ಒಂದು ಸಣ್ಣ ಆಧಾರವಿತ್ತು. ಘಾತೀಯ ವಿತರಣೆಯಲ್ಲಿ ಮಾನಕ ವಿಚಲನೆಯು ಸರಾಸರಿಯಷ್ಟೇ ಇರುತ್ತದೆ. ನನ್ನ ಹತ್ತು ಅಂಕಿಗಳ ಮಾನಕ ವಿಚಲನೆ ಸುಮಾರು 71 ಬಂತು. ಹತ್ತೇ ಅಂಕಿಗಳಿರುವಾಗ 71ಕ್ಕೂ 80ಕ್ಕೂ ಇರುವ ಅಂತರ ಆಕ್ಷೇಪಿಸುವಷ್ಟು ದೊಡ್ಡದಲ್ಲ. ಇದು ಸುಳಿವೇ ಹೊರತು ಪುರಾವೆಯಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದುವರಿದೆ.

ಸರಾಸರಿ ಆಯುಸ್ಸನ್ನು θ ಎಂದು ಕರೆದರೆ ಒಂದು ಅಂಕಿಯ ಸಾಂದ್ರತೆ (1/θ)e^(−x/θ). ಇದರ ಲಾಗರಿದಮ್ ತೆಗೆದುಕೊಂಡು θಗೆ ಸಂಬಂಧಿಸಿದಂತೆ ಅವಕಲಿಸಿದಾಗ ಸಿಗುವುದೇ ಸ್ಕೋರ್:

−1/θ + x/θ²

θದ ನಿಜವಾದ ಬೆಲೆಯಲ್ಲಿ ಸ್ಕೋರಿನ ಸರಾಸರಿ ಸೊನ್ನೆ, ಏಕೆಂದರೆ xನ ಸರಾಸರಿ θ. ಸ್ಕೋರಿನ ವೇರಿಯನ್ಸ್ ಎಂದರೆ xನ ವೇರಿಯನ್ಸಾದ θ²ನ್ನು θ⁴ರಿಂದ ಭಾಗಿಸಿದ್ದು, ಅಂದರೆ 1/θ². ಇದೇ ಒಂದು ಅಂಕಿ ಹೊತ್ತು ತರುವ ಫಿಶರ್ ಮಾಹಿತಿ. ಅಂಕಿಗಳು ಪರಸ್ಪರ ಸ್ವತಂತ್ರವಾಗಿದ್ದರೆ ಮಾಹಿತಿಗಳು ಕೂಡಿಕೊಳ್ಳುತ್ತವೆ, ಆದ್ದರಿಂದ n ಅಂಕಿಗಳಲ್ಲಿ n/θ² ಮಾಹಿತಿ ಇರುತ್ತದೆ. θವನ್ನು ಪಕ್ಷಪಾತವಿಲ್ಲದೆ, ಅಂದರೆ ಸರಾಸರಿಯಲ್ಲಿ ನಿಜವಾದ ಬೆಲೆಯನ್ನೇ ಕೊಡುವಂತೆ, ಅಂದಾಜಿಸುವ ಯಾವ ಸೂತ್ರದ ವೇರಿಯನ್ಸೂ ಇದರ ವ್ಯುತ್ಕ್ರಮವಾದ θ²/nಗಿಂತ ಕಡಿಮೆಯಾಗಲಾರದು. ಸರಾಸರಿಯ ವೇರಿಯನ್ಸ್ ಸರಿಯಾಗಿ θ²/n ಆಗಿರುವುದರಿಂದ, ಅದನ್ನು ಮೀರಿಸುವ ಪಕ್ಷಪಾತವಿಲ್ಲದ ಸೂತ್ರವನ್ನು ಹುಡುಕುವುದು ವ್ಯರ್ಥ. ನಮ್ಮ ಕಂಪ್ರೆಸರಿಗೆ ಇದರ ವರ್ಗಮೂಲ 80/√10, ಅಂದರೆ ಸುಮಾರು 25 ಗಂಟೆ. ಈ ಉತ್ತರವನ್ನು ಅಂದೇ ಸಂಜೆ ಬರೆದುಕೊಟ್ಟೆ.

ತೊಡಕು ಬಂದದ್ದು ಮರುದಿನ. ಬಿಡಿಭಾಗಗಳ ದಾಸ್ತಾನನ್ನು ಲೆಕ್ಕ ಹಾಕುವವರಿಗೆ ಸರಾಸರಿ ಆಯುಸ್ಸಿನ ಬದಲು ಗಂಟೆಗೆ ಎಷ್ಟು ಸಲ ಕೆಡುತ್ತದೆ ಎಂಬ ದರ ಬೇಕಿತ್ತು. ದರವನ್ನು λ ಎಂದರೆ λ = 1/θ, ಸ್ಕೋರ್ 1/λ − x, ಮಾಹಿತಿ n/λ², ಮಿತಿ λ²/n. ಸರಾಸರಿಯನ್ನು ತಲೆಕೆಳಗು ಮಾಡಿದರೆ ದರ ಸಿಗುತ್ತದೆ, ಸರಾಸರಿಯಂತೆ ಅದೂ ಮಿತಿಯನ್ನು ಮುಟ್ಟುತ್ತದೆ ಎಂದು ನಾನು ಊಹಿಸಿದ್ದೆ. ಖಚಿತಪಡಿಸಿಕೊಳ್ಳಲು ಕಂಪ್ಯೂಟರಿನಲ್ಲಿ ಹತ್ತು ಹತ್ತು ಅಂಕಿಗಳ ಎರಡು ಲಕ್ಷ ಸ್ಯಾಂಪಲ್‌ಗಳನ್ನು ಸೃಷ್ಟಿಸಿ ನೋಡಿದೆ. ಹೋಲಿಕೆ ಸುಲಭವಾಗಲೆಂದು λವನ್ನು 1 ಎಂದಿಟ್ಟುಕೊಂಡಿದ್ದೆ, ಆದ್ದರಿಂದ ಮಿತಿ 0.1.

```python
import numpy as np
rng = np.random.default_rng()
n, m = 10, 200000
S = rng.exponential(1.0, (m, n)).sum(axis=1)
for t in (S/n, n/S, (n-1)/S, (n-2)/S):
    print(t.mean(), t.var())
```

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ `exponential` ಕೇಳುವುದು ಸರಾಸರಿಯನ್ನು, ದರವನ್ನಲ್ಲ. R ಭಾಷೆಯ `rexp` ಕೇಳುವುದು ದರವನ್ನು. λ = 1 ಆಗಿರುವಾಗ ಎರಡೂ ಒಂದೇ ಆದ್ದರಿಂದ ತಪ್ಪು ಮಾಡಿದರೂ ಅದು ಕಣ್ಣಿಗೆ ಬೀಳುವುದಿಲ್ಲ, ನಿಜವಾದ ಅಂಕಿಗಳನ್ನು ಕೊಟ್ಟಾಗ ಮಾತ್ರ ಎಲ್ಲವೂ ತಲೆಕೆಳಗಾಗುತ್ತದೆ.

ಮೊದಲ ಸಾಲಿನಲ್ಲಿ, ಅಂದರೆ ಸರಾಸರಿಗೆ, ನಿರೀಕ್ಷಿಸಿದಂತೆ 1 ಮತ್ತು 0.1ರ ಆಸುಪಾಸಿನ ಬೆಲೆಗಳು ಬಂದವು. S ಎಂದರೆ ಒಂದು ಸ್ಯಾಂಪಲ್‌ನ ಹತ್ತು ಅಂಕಿಗಳ ಮೊತ್ತ. ಎರಡನೆಯ ಸಾಲಿನ n/S ಕೊಟ್ಟದ್ದು 1.11 ಮತ್ತು 0.154. ಇಲ್ಲಿ ದರ ಶೇಕಡಾ 11ರಷ್ಟು ಹೆಚ್ಚಾಗಿ ಅಂದಾಜಾಗುತ್ತಿದೆ, ಏಕೆಂದರೆ 1/Sನ ಸರಾಸರಿ λ/n ಅಲ್ಲ, λ/(n−1). ಈ ಪಕ್ಷಪಾತವನ್ನು ತಿದ್ದಿದ (n−1)/S ಮೂರನೆಯ ಸಾಲಿನಲ್ಲಿದೆ. ಅದರ ಸರಾಸರಿ ನಿಖರವಾಗಿ 1ಕ್ಕೆ ಬಂತು, ಆದರೆ ವೇರಿಯನ್ಸ್ 0.125ರಲ್ಲೇ ನಿಂತಿತು. ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದು ನಂಬಿ ಸ್ಯಾಂಪಲ್‌ಗಳ ಸಂಖ್ಯೆಯನ್ನು ಹತ್ತು ಪಟ್ಟು ಹೆಚ್ಚಿಸಿ ನೋಡಿದೆ. ಅದೇ ಉತ್ತರ. ಕೈಲೆಕ್ಕ ಮಾಡಿದಾಗ ವೇರಿಯನ್ಸ್ λ²/(n−2) ಎಂದು ಬಂತು, n = 10 ಆದಾಗ ಅದು ಸರಿಯಾಗಿ 0.125.

ಎರಡು ದಿನಗಳ ನಂತರ ನನ್ನ ಗೊಂದಲವನ್ನು ಬಿಡಿಸಿದ್ದು ಆ ಮಿತಿ ಹುಟ್ಟುವ ಲೆಕ್ಕವೇ. T ಎಂಬುದು ಪಕ್ಷಪಾತವಿಲ್ಲದ ಯಾವುದೇ ಸೂತ್ರವಾಗಿರಲಿ, ಅದಕ್ಕೂ ಒಟ್ಟು ಸ್ಕೋರಿಗೂ ಇರುವ ಸಹವೇರಿಯನ್ಸ್ ಯಾವಾಗಲೂ 1. ಸಹಸಂಬಂಧದ ಗುಣಾಂಕ ρ ಆದರೆ, ಸಹವೇರಿಯನ್ಸಿನ ವರ್ಗವು ρ² ಮತ್ತು ಎರಡೂ ವೇರಿಯನ್ಸುಗಳ ಗುಣಲಬ್ಧಕ್ಕೆ ಸಮ. ಸ್ಕೋರಿನ ವೇರಿಯನ್ಸೇ ಮಾಹಿತಿಯಾದ I ಆಗಿರುವುದರಿಂದ

Var(T) = 1/(I ρ²)

ಎಂದು ಸಿಗುತ್ತದೆ. ρ²ವು 1ನ್ನು ಮೀರಲಾರದು ಎಂಬುದೊಂದರಿಂದಲೇ ಕೆಳಮಿತಿ ಹುಟ್ಟುತ್ತದೆ. ಆ ಮಿತಿಯನ್ನು ಮುಟ್ಟಬೇಕಾದರೆ ρ² = 1 ಆಗಬೇಕು, ಅಂದರೆ Tಯನ್ನೂ ಸ್ಕೋರನ್ನೂ ನಕ್ಷೆಯಲ್ಲಿ ಗುರುತಿಸಿದಾಗ ಬಿಂದುಗಳೆಲ್ಲ ಒಂದೇ ಸರಳರೇಖೆಯ ಮೇಲೆ ಕೂರಬೇಕು. ಘಾತೀಯ ಸ್ಯಾಂಪಲ್‌ನಲ್ಲಿ ಸ್ಕೋರ್ ಯಾವಾಗಲೂ ಮೊತ್ತ Sನ ರೇಖೀಯ ರೂಪ. S/n ಕೂಡ Sನ ರೇಖೀಯ ರೂಪವಾದ್ದರಿಂದ ಅದು ಮಿತಿಯನ್ನು ಮುಟ್ಟಿತು. 9/S ರೇಖೀಯವಲ್ಲ, ಬಾಗಿದ ರೇಖೆ. S ಚಿಕ್ಕದಾದ ಕಡೆ ಅದು ಕಡಿದಾಗಿ ಮೇಲೇಳುತ್ತದೆ. ಎರಡು ಲಕ್ಷ ಸ್ಯಾಂಪಲ್‌ಗಳಲ್ಲಿ 9/S ಮತ್ತು Sಗಳ ಸಹಸಂಬಂಧವನ್ನು ಲೆಕ್ಕ ಹಾಕಿದಾಗ −0.894ರ ಸಮೀಪ ಬಂತು. ಅದರ ವರ್ಗ 0.8, ಮತ್ತು 0.1/0.8 = 0.125. ಕಾಣೆಯಾಗಿದ್ದ ಭಾಗವೆಲ್ಲ ಆ ಬಾಗಿನಲ್ಲಿತ್ತು. ಅಂದಿನಿಂದ ವೇರಿಯನ್ಸ್ ಮಿತಿಯನ್ನು ಮುಟ್ಟದಿದ್ದಾಗಲೆಲ್ಲ ನಾನು ಮೊದಲು ಬಿಡಿಸುವುದು ಈ ನಕ್ಷೆಯನ್ನೇ.

ಹಾಗಾದರೆ 0.125ಕ್ಕಿಂತ ಉತ್ತಮವಾದ ಪಕ್ಷಪಾತವಿಲ್ಲದ ಸೂತ್ರ ಇನ್ನೊಂದಿದೆಯೇ? ಇಲ್ಲ. ಘಾತೀಯ ಸ್ಯಾಂಪಲ್‌ನ ಎಲ್ಲ ಮಾಹಿತಿಯೂ Sನಲ್ಲೇ ಅಡಗಿದೆ, ಮತ್ತು Sನಿಂದ ರಚಿಸಬಹುದಾದ ಪಕ್ಷಪಾತವಿಲ್ಲದ ಸೂತ್ರ ಒಂದೇ ಒಂದು ಎಂದು ಲೆಹ್ಮನ್–ಷೆಫೆ ಪ್ರಮೇಯದಿಂದ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಮಿತಿಯೇ ಸಡಿಲವಾಗಿದೆ, ಸೂತ್ರದಲ್ಲಿ ಕೊರತೆಯಿಲ್ಲ. ಎರಡನೆಯ ಅವಕಲನವನ್ನೂ ಬಳಸುವ ಭಟ್ಟಾಚಾರ್ಯರ ಮಿತಿ ಇಲ್ಲಿ 13/110, ಅಂದರೆ 0.118ರವರೆಗೆ ಏರುತ್ತದೆ, ಅದೂ 0.125ಕ್ಕೆ ಸ್ವಲ್ಪ ಕೆಳಗೇ ಉಳಿಯುತ್ತದೆ.

ಮಾಹಿತಿಯ ವ್ಯುತ್ಕ್ರಮವೇ ಕೆಳಮಿತಿ ಎನ್ನುವ ಅಸಮಾನತೆಗೆ ಕ್ರಾಮೆರ್ ಮತ್ತು ರಾವ್ ಅವರ ಹೆಸರಿದೆ. ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದಾಗ, ಅಂಕಿಗಳು ಅಪಾರವಾಗಿರುವಾಗ ಫಿಶರ್ ಹೇಳಿದ ಫಲಿತಾಂಶವನ್ನು ಸೀಮಿತ ಸ್ಯಾಂಪಲ್‌ಗೂ ಸಾಧಿಸಬಹುದೇ ಎಂದು ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯೇ ತಮ್ಮನ್ನು ಇದಕ್ಕೆ ಹಚ್ಚಿತೆಂದು ರಾವ್ ಹೇಳಿಕೊಂಡಿದ್ದಾರೆ. ಅವರ ಪ್ರಬಂಧ 1945ರಲ್ಲಿ ಪ್ರಕಟವಾಯಿತು. ನನ್ನ ಹತ್ತು ಅಂಕಿಗಳ ಪ್ರಶ್ನೆಯೂ ಸೀಮಿತ ಸ್ಯಾಂಪಲ್‌ನದ್ದೇ ಆಗಿದ್ದುದರಿಂದ ದಾಂಡೇಕರ್ ಅವರ ಪ್ರಶ್ನೆಯ ತೂಕ ನನಗೆ ಚೆನ್ನಾಗಿ ಅರ್ಥವಾಯಿತು. n ದೊಡ್ಡದಾದಂತೆ 1/nಗೂ 1/(n−2)ಗೂ ವ್ಯತ್ಯಾಸವೇ ಉಳಿಯುವುದಿಲ್ಲ, ಹತ್ತರಲ್ಲಿ ಅದು ಶೇಕಡಾ 25.

ನಾಲ್ಕನೆಯ ಸಾಲಿನ (n−2)/S ನನ್ನನ್ನು ಇನ್ನೊಂದು ರೀತಿಯಲ್ಲಿ ಬೆಚ್ಚಿಬೀಳಿಸಿತು. ಅದರ ವೇರಿಯನ್ಸ್ 0.0988, ಅಂದರೆ 0.1ರ ಮಿತಿಗಿಂತ ಕೆಳಗೆ. ಆದರೆ ಅದರ ಸರಾಸರಿ 1 ಅಲ್ಲ, 8/9. ಪಕ್ಷಪಾತವಿರುವ ಸೂತ್ರಕ್ಕೆ ಮಿತಿಯೇ ಬೇರೆ: ಸೂತ್ರದ ಸರಾಸರಿ λಗೆ ತಕ್ಕಂತೆ ಬದಲಾಗುವ ವೇಗದ ವರ್ಗದಿಂದ ಹಳೆಯ ಮಿತಿಯನ್ನು ಗುಣಿಸಬೇಕು. ಇಲ್ಲಿ ಅದು (8/9)² × 0.1, ಸುಮಾರು 0.079, 0.0988 ಅದರ ಮೇಲೆಯೇ ಇದೆ. ಪಕ್ಷಪಾತದ ವರ್ಗವನ್ನೂ ಕೂಡಿಸಿ ಒಟ್ಟು ದೋಷವನ್ನು ಅಳೆದರೆ 0.111 ಬರುತ್ತದೆ, ಪಕ್ಷಪಾತವಿಲ್ಲದ ಸೂತ್ರದ 0.125ಕ್ಕಿಂತ ಕಡಿಮೆ. ಒಂದೇ ಯಂತ್ರದ ದರವನ್ನು ಒಂದೇ ಸಲ ಅಂದಾಜಿಸಬೇಕಿದ್ದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ನಮ್ಮಲ್ಲಿ ನಲವತ್ತು ಯಂತ್ರಗಳ ದರಗಳನ್ನು ಕೂಡಿಸಿ ದಾಸ್ತಾನು ನಿರ್ಧರಿಸುವುದರಿಂದ, ಪ್ರತಿಯೊಂದರ ಪಕ್ಷಪಾತವೂ ಒಂದೇ ದಿಕ್ಕಿನಲ್ಲಿ ಸೇರುತ್ತಾ ಹೋಗುತ್ತದೆ, ಹಾಗಾಗಿ 9/Sನಲ್ಲೇ ಉಳಿದೆ. ನಮ್ಮ ಕಂಪ್ರೆಸರಿಗೆ ಅದು 9/800, ಗಂಟೆಗೆ 0.01125, ಅದರ ಮಾನಕ ದೋಷವನ್ನು 0.01125/√8, ಅಂದರೆ ಸುಮಾರು 0.004 ಎಂದು ಬರೆದೆ. ಮಿತಿಯನ್ನೇ ನಂಬಿ √10ರಿಂದ ಭಾಗಿಸಿದ್ದರೆ 0.0036 ಎಂದು, ಇರುವುದಕ್ಕಿಂತ ಹೆಚ್ಚಿನ ನಿಖರತೆಯನ್ನು ಹೇಳಿಕೊಂಡಂತಾಗುತ್ತಿತ್ತು.

ಇದೆಲ್ಲ ಲೆಕ್ಕವೂ ಒಂದು ಷರತ್ತಿನ ಮೇಲೆ ನಿಂತಿದೆ ಎಂಬುದು ಕೆಲವು ತಿಂಗಳುಗಳ ನಂತರ ಬೇರೊಂದು ಯಂತ್ರದ ದಾಖಲೆ ನೋಡುವಾಗ ಎದುರಾಯಿತು. ಅದರಲ್ಲಿ ಒಂದು ನಿರ್ದಿಷ್ಟ ಅವಧಿಗಿಂತ ಮೊದಲು ಕೆಟ್ಟದ್ದೇ ಇರಲಿಲ್ಲ, ಆ ಆರಂಭಿಕ ಅವಧಿ μ ಎಷ್ಟೆಂದೇ ಅಂದಾಜಿಸಬೇಕಿತ್ತು. ಉಳಿದ ಭಾಗದ ದರವನ್ನು 1 ಎಂದಿಟ್ಟುಕೊಂಡರೆ ಸಾಂದ್ರತೆ e^(−(x−μ)), ಅದೂ x > μ ಆದಾಗ ಮಾತ್ರ. ಯಾಂತ್ರಿಕವಾಗಿ ಲೆಕ್ಕ ಹಾಕಿದರೆ ಒಂದು ಅಂಕಿಯ ಸ್ಕೋರ್ 1, ಅದರ ವರ್ಗವೂ 1, ಆದ್ದರಿಂದ ಮಿತಿ 1/n ಎಂದು ತೋರುತ್ತದೆ. ಆದರೆ ಅತಿ ಚಿಕ್ಕ ಅಂಕಿಯಿಂದ 1/n ಕಳೆದರೆ ಸಿಗುವ ಅಂದಾಜಿನಲ್ಲಿ ಪಕ್ಷಪಾತವಿಲ್ಲ, ವೇರಿಯನ್ಸ್ ಮಾತ್ರ 1/n²: ಹತ್ತು ಅಂಕಿಗಳಿಗೆ ಮಿತಿ 0.1 ಎನ್ನುವ ಕಡೆ ನಿಜವಾದ ಬೆಲೆ 0.01. ಮಿತಿ ಮುರಿದಂತೆ ಕಂಡರೂ ಅಲ್ಲಿ ಅದಕ್ಕೆ ಪ್ರವೇಶವೇ ಇರಲಿಲ್ಲ, ಏಕೆಂದರೆ μ ಬದಲಾದಂತೆ ಅಂಕಿಗಳು ಬೀಳಬಹುದಾದ ವ್ಯಾಪ್ತಿಯೇ ಸರಿಯುತ್ತದೆ ಮತ್ತು ಮಿತಿ ಹುಟ್ಟುವ ಲೆಕ್ಕದ ಮೊದಲ ಹೆಜ್ಜೆಯೇ ಜಾರುತ್ತದೆ. ಅದನ್ನು ಪತ್ತೆಹಚ್ಚಲು ಒಂದು ಸಾಲಿನ ಪರೀಕ್ಷೆ ಸಾಕು: ಸ್ಕೋರಿನ ಸರಾಸರಿ ಸೊನ್ನೆಯಾಗಬೇಕಿತ್ತು, ಇಲ್ಲಿ ಅದು 1. ಮಾಹಿತಿಯನ್ನು ಲೆಕ್ಕ ಹಾಕುವ ಮೊದಲು ಆ ಸರಾಸರಿಯನ್ನು ಬರೆದು ನೋಡುವ ಅಭ್ಯಾಸ ನನಗೆ ಆ ಯಂತ್ರದಿಂದ ಬಂತು.