‘ಕಂಡುಹಿಡಿದವರು ಯಾರು?’ ಎಂದು ಮಕ್ಕಳನ್ನು ಕೇಳುವ ಮುನ್ನ

ಶಾಲೆಗಳ ರಸಪ್ರಶ್ನೆ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತುಕೊಳ್ಳುವುದು ನನಗೆ ಹಳೆಯ ರೂಢಿ. ಒಂದು ಕಡೆ ‘ರೇಡಿಯೊ ಕಂಡುಹಿಡಿದವರು ಯಾರು?’ ಎಂಬ ಪ್ರಶ್ನೆ ಬಂತು. ಏಳನೇ ತರಗತಿಯ ಹುಡುಗಿಯೊಬ್ಬಳು ‘ಜಗದೀಶಚಂದ್ರ ಬೋಸ್’ ಎಂದಳು. ಪ್ರಶ್ನೆ ಕೇಳುತ್ತಿದ್ದ ಮೇಷ್ಟರ ಹಾಳೆಯಲ್ಲಿ ಮಾರ್ಕೋನಿ ಎಂದಿತ್ತು. ಅಂಕ ಸೊನ್ನೆ. ಹುಡುಗಿ ಕುಳಿತುಕೊಳ್ಳಲಿಲ್ಲ. ‘ಸರ್, 1895ರಲ್ಲೇ ಬೋಸ್ ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದ್ದರಲ್ಲ?’ ಎಂದು ಕೇಳಿದಳು. ಅವಳು ಹೇಳಿದ್ದು ನಿಜ. ಆ ಅಲೆಗಳನ್ನು ಸುದ್ದಿ ಕಳಿಸುವ ಸಾಧನವಾಗಿ ಬೆಳೆಸಿ, 1901ರಲ್ಲಿ ಅಟ್ಲಾಂಟಿಕ್ ದಾಟಿಸಿದವರು ಮಾರ್ಕೋನಿ ಎಂಬುದೂ ನಿಜ. ಎಡವಿದ್ದು ಪ್ರಶ್ನೆ ಬರೆದವರು, ಅಂಕ ಕಳೆದುಕೊಂಡದ್ದು ಹುಡುಗಿ.

ದಿನಬಳಕೆಯ ವಸ್ತುಗಳ ಬಗ್ಗೆ ಮಕ್ಕಳಿಗಾಗಿ ಪ್ರಶ್ನೋತ್ತರ ಬರೆಯುವವರು ಬಹುತೇಕ ಎಲ್ಲರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಅದನ್ನು ದಾಟುವ ಬಗೆ ಹೀಗಿದೆ.

ಮೊದಲ ಹಂತ: ವಸ್ತುಗಳನ್ನು ಆರಿಸಿ

ಮಗುವಿನ ಶಾಲಾ ಚೀಲ ಮತ್ತು ಮನೆಯ ಅಡುಗೆಕೋಣೆಯ ಆಚೆಗೆ ಹೋಗಬೇಡಿ. ಪೆನ್ನು, ಜಿಪ್, ಪಿನ್ನು, ಬೆಂಕಿಪೆಟ್ಟಿಗೆ, ಕುಕ್ಕರ್, ಬಲ್ಬು. ಹತ್ತು ವಸ್ತು ಸಾಕು.

ಎರಡನೇ ಹಂತ: ಕ್ರಿಯಾಪದವನ್ನು ಬದಲಿಸಿ

ಎಲ್ಲರೂ ಕೆಡಿಸುವ ಹಂತ ಇದು. ‘ಕಂಡುಹಿಡಿ’ ಎಂಬ ನಮ್ಮ ಮಾತು ತೀರಾ ಉದಾರಿ. ನ್ಯೂಟನ್ ಗುರುತ್ವದ ನಿಯಮ ಕಂಡುಹಿಡಿದರು ಎನ್ನುತ್ತೇವೆ, ಎಡಿಸನ್ ಬಲ್ಬು ಕಂಡುಹಿಡಿದರು ಎಂದೂ ಎನ್ನುತ್ತೇವೆ. ಮೊದಲನೆಯದು ಜಗತ್ತಿನಲ್ಲಿ ಇದ್ದದ್ದು, ಎರಡನೆಯದು ಇಲ್ಲದ್ದನ್ನು ಮಾಡಿದ್ದು. ಅಷ್ಟೇ ಆಗಿದ್ದರೆ ಸುಧಾರಿಸಬಹುದಿತ್ತು. ಮಾಡಿದ್ದರಲ್ಲೂ ಹಲವು ಬಗೆಯಿದೆ. ಮೊದಲು ಯೋಚಿಸಿದವರು ಒಬ್ಬರು, ಕೆಲಸಕ್ಕೆ ಬರುವಂತೆ ಮಾಡಿದವರು ಇನ್ನೊಬ್ಬರು, ಪೇಟೆಂಟ್ ಪಡೆದವರು ಮತ್ತೊಬ್ಬರು, ಅಂಗಡಿಗೆ ತಂದವರು ಮಗದೊಬ್ಬರು. ‘ಕಂಡುಹಿಡಿದವರು’ ಎಂದು ಕೇಳಿದರೆ ಈ ನಾಲ್ವರೂ ಸರಿಯುತ್ತರವೇ.

ಬಲ್ಬನ್ನೇ ತೆಗೆದುಕೊಳ್ಳೋಣ. ತೆಳ್ಳನೆಯ ಎಳೆಯೊಂದರಲ್ಲಿ ವಿದ್ಯುತ್ ಹರಿಸಿದರೆ ಅದು ಕಾದು ಬೆಳಗುತ್ತದೆ ಎಂಬುದು ಎಡಿಸನ್‌ಗಿಂತ ಬಹಳ ಮೊದಲೇ ಗೊತ್ತಿತ್ತು. ತೊಂದರೆಯಿದ್ದದ್ದು ಗಾಳಿಯಿಂದ. ಗಾಳಿಯಲ್ಲಿ ಆಮ್ಲಜನಕವಿರುವುದರಿಂದ ಕೆಂಪಗೆ ಕಾದ ಇಂಗಾಲದ ಎಳೆ ಕ್ಷಣದಲ್ಲಿ ಉರಿದು ಬೂದಿಯಾಗುತ್ತಿತ್ತು. ಗಾಜಿನ ಬುರುಡೆಯೊಳಗಿನ ಗಾಳಿಯನ್ನು ಚೆನ್ನಾಗಿ ಹೀರಿ ತೆಗೆಯುವ ಪಂಪು ಬಂದ ಮೇಲೆಯೇ ಬಲ್ಬು ಬಾಳಿಕೆ ಬರುವಂತಾಯಿತು. ಆ ಪಂಪು ಸಿಕ್ಕಿದ್ದು ಎಡಿಸನ್ ಒಬ್ಬರಿಗೇ ಅಲ್ಲ. ಇಂಗ್ಲೆಂಡಿನಲ್ಲಿ ಜೋಸೆಫ್ ಸ್ವಾನ್ 1879ರ ಆರಂಭದಲ್ಲಿ ನ್ಯೂಕ್ಯಾಸಲ್ ನಗರದ ಸಭಿಕರ ಮುಂದೆ ತಮ್ಮ ಬಲ್ಬು ಬೆಳಗಿಸಿ ತೋರಿಸಿದರು. ಅಮೆರಿಕದ ಮೆನ್ಲೊ ಪಾರ್ಕಿನಲ್ಲಿ ಎಡಿಸನ್ ಮತ್ತು ಅವರ ಸಹಾಯಕರು ಸುಟ್ಟು ಇಂಗಾಲವಾಗಿಸಿದ ಹತ್ತಿಯ ದಾರದಿಂದ ಬಲ್ಬು ಬೆಳಗಿಸಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಆಮೇಲೆ ಅವರು ಹತ್ತಿಯ ದಾರ ಬಿಟ್ಟು ಜಪಾನಿನ ಬಿದಿರಿನ ಎಳೆಗೆ ಹೋದರು. ಅದು ಸಾವಿರಕ್ಕೂ ಹೆಚ್ಚು ಗಂಟೆ ಉರಿಯಿತು. ಕೊನೆಗೆ ಸ್ವಾನ್ ಮತ್ತು ಎಡಿಸನ್ ಬ್ರಿಟನ್ನಿನಲ್ಲಿ ಜಗಳ ಬಿಟ್ಟು ಒಂದೇ ಕಂಪನಿ ಕಟ್ಟಿಕೊಂಡರು.

ಹಾಗಾದರೆ ಎಡಿಸನ್ ಹೆಸರು ಇಷ್ಟು ದೊಡ್ಡದಾದದ್ದು ಏಕೆ? ಬಲ್ಬಿನ ಜೊತೆಗೆ ಅದಕ್ಕೆ ಬೇಕಾದ ಡೈನಮೊ, ತಂತಿ, ಮೀಟರು ಎಲ್ಲವನ್ನೂ ಜೋಡಿಸಿದ್ದರಿಂದ. 1882ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಅವರ ವಿದ್ಯುತ್ ಕೇಂದ್ರ ಶುರುವಾಯಿತು. ಇಷ್ಟು ತಿಳಿದ ಮೇಲೆ ಪ್ರಶ್ನೆ ತಾನಾಗಿಯೇ ಬದಲಾಗುತ್ತದೆ:

*ಪ್ರಶ್ನೆ:* ಬಲ್ಬು ಮಾಡಿದ್ದಷ್ಟೇ ಅಲ್ಲದೆ, 1882ರಲ್ಲಿ ನ್ಯೂಯಾರ್ಕಿನ ಗಿರಾಕಿಗಳಿಗೆ ವಿದ್ಯುತ್ತನ್ನೂ ಒದಗಿಸತೊಡಗಿದವರು ಯಾರು?
*ಉತ್ತರ:* ಥಾಮಸ್ ಆಲ್ವಾ ಎಡಿಸನ್.

ಇದಕ್ಕೆ ಸ್ವಾನ್ ಉತ್ತರವಾಗಲಾರರು. ಬೆಂಗಳೂರಿನ ದೀಪದ ಪ್ರಶ್ನೆಯನ್ನೂ ಸೇರಿಸಬೇಕೆನಿಸಿದರೆ ‘1905ರಲ್ಲಿ ಬೆಂಗಳೂರಿಗೆ ಬೆಳಕು ಕೊಟ್ಟ ವಿದ್ಯುತ್ ಎಲ್ಲಿ ಉತ್ಪಾದನೆಯಾಗುತ್ತಿತ್ತು?’ ಎಂದು ಕೇಳಿ. ಉತ್ತರ ಶಿವನಸಮುದ್ರ. ‘ಏಷ್ಯಾದಲ್ಲೇ ಮೊದಲು’ ಎಂಬ ಬಾಲಂಗೋಚಿ ಮಾತ್ರ ಅಂಟಿಸಬೇಡಿ. ಡಾರ್ಜಿಲಿಂಗಿನಲ್ಲಿ 1897ರಲ್ಲೇ ಜಲವಿದ್ಯುತ್ ಇತ್ತು. ಬಲ್ಬಿನ ಬಗ್ಗೆ ಇನ್ನೊಂದು ಮಾತು: ಇಂದಿನ ಮಗುವಿನ ಮನೆಯಲ್ಲಿ ಎಡಿಸನ್ ಬಲ್ಬು ಇರುವುದೇ ಅಪರೂಪ. ಅಲ್ಲಿ ಉರಿಯುವುದು ಎಲ್‌ಇಡಿ. ಅದರಿಂದ ಬಿಳಿ ಬೆಳಕು ಬರಲು ನೀಲಿ ಎಲ್‌ಇಡಿ ಬೇಕಿತ್ತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಿಕ್ಕಿತು. ನನ್ನ ಕೇಳಿದರೆ ಎಡಿಸನ್ ಪ್ರಶ್ನೆಗಿಂತ ಇದೇ ಮೊದಲು ಬರಬೇಕು.

ಪೆನ್ನಿನ ಕಥೆಯೂ ಹೀಗೆಯೇ. ತುದಿಯಲ್ಲಿ ಗುಂಡು ಉರುಳುವ ಪೆನ್ನಿಗೆ 1888ರಲ್ಲೇ ಅಮೆರಿಕದ ಜಾನ್ ಲೌಡ್ ಪೇಟೆಂಟ್ ಪಡೆದಿದ್ದರು. ಅದು ಚರ್ಮದ ಮೇಲೆ ಗುರುತು ಹಾಕಲು ಮಾಡಿದ್ದು, ಕಾಗದದ ಬರವಣಿಗೆಗೆ ಒಗ್ಗಲಿಲ್ಲ. ಐವತ್ತು ವರ್ಷದ ಬಳಿಕ ಹಂಗೆರಿಯ ಪತ್ರಕರ್ತ ಲಾಸ್ಲೊ ಬೀರೊ ಅವರಿಗೆ ಪತ್ರಿಕೆ ಮುದ್ರಿಸುವ ಶಾಯಿ ಬೇಗ ಒಣಗುವುದು ಕಣ್ಣಿಗೆ ಬಿತ್ತು. ಆ ಶಾಯಿ ಮಂದ, ಮಾಮೂಲಿ ಪೆನ್ನಿನ ನಿಬ್ಬಿನಲ್ಲಿ ಇಳಿಯದು. ಗುಂಡು ಉರುಳಿದರೆ ಇಳಿಯುತ್ತದೆ. ರಸಾಯನ ತಿಳಿದಿದ್ದ ಸಹೋದರ ಗ್ಯೋರ್ಗಿ ಶಾಯಿಯನ್ನು ಹದಕ್ಕೆ ತಂದರು. 1938ರಲ್ಲಿ ಪೇಟೆಂಟ್ ಸಿಕ್ಕಿತು. ಆದ್ದರಿಂದ ‘ಬಾಲ್‌ಪೆನ್ನಿಗೆ ಹೊಂದುವ ಮಂದ ಶಾಯಿಯನ್ನು ಬಳಸಿ ಅದನ್ನು ಬರವಣಿಗೆಗೆ ಒಗ್ಗಿಸಿದ ಪತ್ರಕರ್ತ ಯಾರು?’ ಎಂದು ಕೇಳಬೇಕು. ‘ಪತ್ರಕರ್ತ’ ಎಂಬ ಪದವೇ ಮಗುವಿಗೆ ಸುಳಿವು, ನಿಮಗೆ ಕಾವಲು.

ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಪ್ರಶ್ನೆಯನ್ನು ಓದಿ, ಉತ್ತರದ ಜಾಗದಲ್ಲಿ ಅದೇ ವಸ್ತುವಿಗೆ ದುಡಿದ ಇನ್ನೊಬ್ಬರ ಹೆಸರು ಇಟ್ಟು ನೋಡಿ. ಆಗಲೂ ಪ್ರಶ್ನೆ ನಿಲ್ಲುತ್ತದೆ ಎಂದಾದರೆ ಅದು ಕೆಟ್ಟ ಪ್ರಶ್ನೆ. ಆ ‘ಇನ್ನೊಬ್ಬರು’ ಯಾರೆಂದೇ ನಿಮಗೆ ಗೊತ್ತಿಲ್ಲದಿದ್ದರೆ ಆ ವಸ್ತುವನ್ನೇ ಕೈಬಿಡಿ.

ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗುಹಾಕಿರುವ ಸಾಮಾನ್ಯ ಜ್ಞಾನದ ಪುಸ್ತಕಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಎಡಗಡೆ ವಸ್ತು, ಬಲಗಡೆ ಹೆಸರು, ಎರಡೇ ಕಂಬಸಾಲಿನ ಪಟ್ಟಿ. ಉಗಿಯಂತ್ರದ ಎದುರು ಜೇಮ್ಸ್ ವ್ಯಾಟ್ ಇದ್ದೇ ಇರುತ್ತಾರೆ. ನ್ಯೂಕಮೆನ್ ಅವರ ಉಗಿಯಂತ್ರ 1712ರಲ್ಲೇ ಗಣಿಯ ನೀರೆತ್ತುತ್ತಿತ್ತು, ವ್ಯಾಟ್ ಹುಟ್ಟಿದ್ದು 1736ರಲ್ಲಿ. ಇಂಥ ಪುಸ್ತಕವನ್ನು ಹಣ ಕೊಟ್ಟು ತರಬೇಡಿ. ಯಾರಾದರೂ ಪುಕ್ಕಟೆ ಕೊಟ್ಟರೂ ಅದರಿಂದ ನಕಲು ಮಾಡಬೇಡಿ.

ಮೂರನೇ ಹಂತ: ಉತ್ತರಕ್ಕೆ ಎರಡು ಸಾಲು ಸೇರಿಸಿ

ಬರೀ ಹೆಸರು ಬರೆದು ಕೈತೊಳೆದುಕೊಳ್ಳಬೇಡಿ. ಆ ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬ ಒಂದು ಸಂಗತಿ ಉತ್ತರದ ಜೊತೆಗಿರಬೇಕು. ಇಸವಿಯನ್ನು ಉತ್ತರವಾಗಿ ಎಂದೂ ಕೇಳಬಾರದು. ಸುಳಿವಾಗಿ ಪ್ರಶ್ನೆಯಲ್ಲಿ ಬರಲಿ. ನಾನು ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಬಳಸುವ ಕೆಲವನ್ನು ಹಾಗೆಯೇ ಕೊಡುತ್ತೇನೆ.

*ಪ್ರಶ್ನೆ:* ಗೀರಿದರೆ ಹೊತ್ತಿಕೊಳ್ಳುವ ಕಡ್ಡಿಗಳನ್ನು 1827ರಲ್ಲಿ ಮಾರತೊಡಗಿದ ಇಂಗ್ಲೆಂಡಿನ ಔಷಧ ಅಂಗಡಿಕಾರ ಯಾರು?
*ಉತ್ತರ:* ಜಾನ್ ವಾಕರ್. ಅವರು ಪೇಟೆಂಟ್ ಪಡೆಯಲೇ ಇಲ್ಲ.

*ಪ್ರಶ್ನೆ:* ಇಂದಿನ ಬೆಂಕಿಕಡ್ಡಿಯನ್ನು ಪೆಟ್ಟಿಗೆಯ ಬದಿಗೇ ಗೀರಬೇಕು. ಏಕೆ?
*ಉತ್ತರ:* ಹೊತ್ತಿಸಲು ಬೇಕಾದ ಕೆಂಪು ರಂಜಕ ಇರುವುದು ಪೆಟ್ಟಿಗೆಯ ಬದಿಯ ಪಟ್ಟಿಯಲ್ಲಿ, ಕಡ್ಡಿಯ ತಲೆಯಲ್ಲಲ್ಲ. ಹೀಗೆ ಎರಡನ್ನೂ ಬೇರೆಮಾಡಿ 1844ರಲ್ಲಿ ಪೇಟೆಂಟ್ ಪಡೆದವರು ಸ್ವೀಡನ್ನಿನ ಗುಸ್ತಾಫ್ ಪಾಶ್.

*ಪ್ರಶ್ನೆ:* ಉಗಿಯ ಒತ್ತಡದಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಪಾತ್ರೆಯನ್ನು 1679ರಲ್ಲಿ ಮಾಡಿದ ಫ್ರಾನ್ಸಿನ ವಿಜ್ಞಾನಿ ಯಾರು?
*ಉತ್ತರ:* ಡೆನಿ ಪಾಪಾಂ. ಒತ್ತಡ ಹೆಚ್ಚಿದಾಗ ನೀರು 100 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಕುದಿಯುತ್ತದೆ, ಹಾಗಾಗಿ ಬೇಳೆ ಬೇಗ ಬೇಯುತ್ತದೆ. ಪಾತ್ರೆ ಸಿಡಿಯದಂತೆ ಉಗಿ ಹೊರಬಿಡುವ ಕವಾಟವನ್ನೂ ಅವರೇ ಅಳವಡಿಸಿದರು.

*ಪ್ರಶ್ನೆ:* ಮತ ಹಾಕಿದವರ ಬೆರಳಿಗೆ ಹಚ್ಚುವ ಶಾಯಿ ಯಾವ ಊರಿನಲ್ಲಿ ತಯಾರಾಗುತ್ತದೆ?
*ಉತ್ತರ:* ಮೈಸೂರಿನಲ್ಲಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಶಾಯಿಯನ್ನು ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆ 1962ರ ಚುನಾವಣೆಯಿಂದ ತಯಾರಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕಿಗೆ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ.

ಕೊನೆಯದರಲ್ಲಿ ವ್ಯಕ್ತಿಯ ಹೆಸರಿಲ್ಲ ಎಂದು ಕೆಲವು ಶಿಕ್ಷಕರು ಮುಖ ಸಿಂಡರಿಸುತ್ತಾರೆ. ಪ್ರಯೋಗಾಲಯದಲ್ಲಿ ಹಲವರು ಕೂಡಿ ಮಾಡಿದ್ದಕ್ಕೆ ಒಬ್ಬರ ಹೆಸರು ಹುಡುಕಿ ತಗುಲಿಸುವುದು ಬೇಡ.

ನಾಲ್ಕನೇ ಹಂತ: ಆಯ್ಕೆಗಳು

ನನಗೆ ಆಯ್ಕೆಗಳೇ ಇಷ್ಟವಿಲ್ಲ. ಕೊಡಲೇಬೇಕಾದರೆ ಎಡಿಸನ್ ಮತ್ತು ಸ್ವಾನ್ ಅಕ್ಕಪಕ್ಕ ಕೂರದಂತೆ ನೋಡಿಕೊಳ್ಳಿ. ಗಾಂಧೀಜಿ, ಸಚಿನ್ ತೆಂಡೂಲ್ಕರ್ ಅಂಥ ಹೆಸರುಗಳನ್ನು ತುಂಬಿಸಿ ಜಾಗ ಭರ್ತಿಮಾಡುವ ಅಡ್ಡದಾರಿಯೂ ಬೇಡ, ಎರಡನೇ ತರಗತಿಯ ಮಗುವೂ ನಗುತ್ತದೆ.

ಐದನೇ ಹಂತ: ಒಂದು ಮಗುವಿಗೆ ಓದಿ ಹೇಳಿ

ಸ್ಪರ್ಧೆಗೆ ಬಾರದ ಯಾವುದಾದರೂ ಮಗು ಆಗಬಹುದು. ಪ್ರಶ್ನೆಯನ್ನು ಒಮ್ಮೆ ಮಾತ್ರ ಓದಿ. ‘ಇನ್ನೊಮ್ಮೆ ಹೇಳಿ’ ಎಂದರೆ ವಾಕ್ಯ ಉದ್ದವಾಗಿದೆ, ಎರಡಾಗಿ ಒಡೆಯಿರಿ. ಬೀರೊ ಎನ್ನಲಿ, ಬಿರೋ ಎನ್ನಲಿ, ಪಾಪಾಂ ಎನ್ನಲಿ, ಪ್ಯಾಪಿನ್ ಎನ್ನಲಿ, ಒಪ್ಪಿಕೊಳ್ಳಬೇಕೆಂದು ಉತ್ತರದ ಹಾಳೆಯಲ್ಲೇ ಬರೆದಿಡಿ. ವೇದಿಕೆಯ ಮೇಲೆ ಉಚ್ಚಾರಣೆಯ ಪಂಚಾಯಿತಿ ನಡೆಸಬಾರದು.

ಇಷ್ಟಾದರೂ ತಕರಾರು ಬರುತ್ತದೆ. ಬಂದಾಗ ವಾದಕ್ಕೆ ಇಳಿಯದೆ ಆ ಪ್ರಶ್ನೆಯನ್ನು ರದ್ದುಮಾಡಿ, ಜೇಬಿನಲ್ಲಿಟ್ಟುಕೊಂಡ ಹೆಚ್ಚುವರಿ ಪ್ರಶ್ನೆಯನ್ನು ಅದೇ ತಂಡಕ್ಕೆ ಕೇಳಿ. ನನ್ನ ಜೇಬಿನಲ್ಲಿ ಸದಾ ಇರುವುದು ಇದು:

*ಪ್ರಶ್ನೆ:* 1849ರಲ್ಲಿ ಒಂದೇ ತಂತಿಯನ್ನು ಬಗ್ಗಿಸಿ, ತುದಿಯಲ್ಲಿ ಕೊಂಡಿಯಿರುವ ಪಿನ್ನಿಗೆ ಪೇಟೆಂಟ್ ಪಡೆದು, ಆ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟ ಅಮೆರಿಕದವರು ಯಾರು?
*ಉತ್ತರ:* ವಾಲ್ಟರ್ ಹಂಟ್. ಅವರಿಗೆ 15 ಡಾಲರ್ ಸಾಲ ತೀರಿಸಬೇಕಾಗಿತ್ತು.