ನನ್ನ ಅಡಿಕೆ ತೋಟದ ಮಣ್ಣಿಗೆ ಎರಡು ಬೇಸ್ ಸ್ಯಾಚುರೇಷನ್

ಶಿರಸಿ ಸೀಮೆಯ ಕಣಿವೆ ತೋಟ ನಮ್ಮದು. ಕೆಂಪು ಗೊಚ್ಚು ಮಣ್ಣು, ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಬಸಿಗಾಲುವೆ. ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಮನೆಯಲ್ಲಿತ್ತು. ಅದರಲ್ಲಿ ಹನ್ನೆರಡು ಅಂಶಗಳಿರುತ್ತವೆ, ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಿಇಸಿ ಈ ಮೂರೂ ಇರುವುದಿಲ್ಲ. ಹಳೆಯ ಸೋಗೆಗಳು ಅಂಚಿನಿಂದ ಹಳದಿಯಾಗುತ್ತಾ ಬಂದಾಗ ನನಗೆ ಬೇಕಾಗಿದ್ದು ಆ ಮೂರೇ. ಹಾಗಾಗಿ ಒಂದು ಖಾಸಗಿ ಪ್ರಯೋಗಾಲಯಕ್ಕೆ ಮಣ್ಣು ಕಳಿಸಿ, ಕ್ಯಾಟಯಾನ್ ವಿನಿಮಯ ಸಾಮರ್ಥ್ಯ, ಅಂದರೆ ಈ ಸಿಇಸಿ, ಬೇಕೆಂದು ಪ್ರತ್ಯೇಕವಾಗಿ ಕೇಳಿದೆ.

ಬಂದ ವರದಿ ಹೀಗಿತ್ತು: ಪಿಎಚ್ 4.9, ಸಾವಯವ ಇಂಗಾಲ ಶೇ. 1.6, ಸಿಇಸಿ 11.2. ಕ್ಯಾಲ್ಸಿಯಂ 1.6, ಮೆಗ್ನೀಸಿಯಂ 0.3, ಪೊಟ್ಯಾಶ್ 0.15, ಸೋಡಿಯಂ 0.05. ಸಿಇಸಿಯದೂ ಈ ನಾಲ್ಕರದೂ ಅಳತೆ cmol(+)/kg, ಅಂದರೆ ಕೆಜಿ ಮಣ್ಣಿಗೆ ಇಷ್ಟು ಸೆಂಟಿಮೋಲ್. ಕೆಲವು ಕಡೆ ಕ್ಯಾಲ್ಸಿಯಂ ಮುಂತಾದವನ್ನು ಕೆಜಿಗೆ ಇಷ್ಟು ಮಿಲಿಗ್ರಾಂ ಎಂದು ಕೊಡುತ್ತಾರೆ. ಆಗ ಕ್ಯಾಲ್ಸಿಯಂ ಅನ್ನು 200ರಿಂದ, ಮೆಗ್ನೀಸಿಯಂ ಅನ್ನು 120ರಿಂದ, ಪೊಟ್ಯಾಸಿಯಂ ಅನ್ನು 390ರಿಂದ, ಸೋಡಿಯಂ ಅನ್ನು 230ರಿಂದ ಭಾಗಿಸಿದರೆ ಇದೇ ಅಳತೆಗೆ ಬರುತ್ತದೆ. ನಾಲ್ಕನ್ನೂ ಕೂಡಿಸಿದರೆ 2.1. ಅದನ್ನು 11.2ಕ್ಕೆ ಹೋಲಿಸಿ ವರದಿಯ ಕೊನೆಯಲ್ಲಿ ಬೇಸ್ ಸ್ಯಾಚುರೇಷನ್ ಶೇ. 19 ಎಂದು ಕೆಂಪಕ್ಷರದಲ್ಲಿ ಹಾಕಿದ್ದರು.

ಸಿಇಸಿ, ಬೇಸ್ ಸ್ಯಾಚುರೇಷನ್ ಎಂಬ ಈ ಎರಡು ಮಾತನ್ನು ನಾನು ಅರ್ಥ ಮಾಡಿಕೊಂಡಿದ್ದು ಕೊಟ್ಟಿಗೆಯ ಲೆಕ್ಕದಲ್ಲಿ. ಮಣ್ಣಿನ ಜೇಡಿ ಕಣಕ್ಕೂ ಕೊಳೆತ ಸೊಪ್ಪಿನ ಅಂಶಕ್ಕೂ ಋಣ ವಿದ್ಯುದಂಶ ಇರುತ್ತದೆ. ಅವು ಕೊಟ್ಟಿಗೆಯ ಗೂಟಗಳು. ಧನ ಅಂಶವುಳ್ಳ ಪೋಷಕಗಳು ಆ ಗೂಟಕ್ಕೆ ಕಟ್ಟಿಕೊಳ್ಳುತ್ತವೆ. ಪೊಟ್ಯಾಶಿಗೆ ಒಂದು ಗೂಟ ಸಾಕು, ಕ್ಯಾಲ್ಸಿಯಂ ಮೆಗ್ನೀಸಿಯಂಗೆ ಎರಡೆರಡು, ಅಲ್ಯೂಮಿನಿಯಂಗೆ ಮೂರು. ಒಟ್ಟು ಗೂಟ ಎಷ್ಟು ಎನ್ನುವುದು ಸಿಇಸಿ. ಅದರಲ್ಲಿ ಎಷ್ಟನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಶ್, ಸೋಡಿಯಂ ಹಿಡಿದಿವೆ ಎನ್ನುವುದು ಬೇಸ್ ಸ್ಯಾಚುರೇಷನ್. ಉಳಿದ ಗೂಟಗಳಲ್ಲಿ ಹುಳಿ ಮಾಡುವ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಇರುತ್ತವೆ.

ಶೇ. 19 ನೋಡಿ ನಾನು ಗಾಬರಿಯಾದೆ. ವರದಿ ನೋಡಿ ಸಲಹೆ ಕೊಟ್ಟವರೊಬ್ಬರು ಇದನ್ನು ಶೇ. 80ಕ್ಕೆ ಏರಿಸಬೇಕು ಎಂದರು: ಕ್ಯಾಲ್ಸಿಯಂ 65, ಮೆಗ್ನೀಸಿಯಂ 10, ಪೊಟ್ಯಾಶ್ 5. ಇದು 1940ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅನುಪಾತ ಎಂದು ಆಮೇಲೆ ಗೊತ್ತಾಯಿತು. ಪ್ರತಿಯೊಂದು ಪೋಷಕವೂ ಸಾಕಷ್ಟಿದ್ದರೆ, ಈ ಅನುಪಾತ ಹೆಚ್ಚು ಕಡಿಮೆಯಾದರೂ ಇಳುವರಿ ಬದಲಾಗುವುದಿಲ್ಲ ಎಂದು ನಂತರದ ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಆಗ ನನಗೆ ಅದು ತಿಳಿದಿರಲಿಲ್ಲ. 11.2ರ ಶೇ. 80 ಅಂದರೆ ಸುಮಾರು 9. ಇರುವ 2.1 ಕಳೆದರೆ 6.9 ಬೇಕು. ಹದಿನೈದು ಸೆಂಟಿಮೀಟರ್ ಆಳದ ಮಣ್ಣಿನಲ್ಲಿ ಒಂದು ಸೆಂಟಿಮೋಲ್ ಏರಿಸಲು ಹೆಕ್ಟೇರಿಗೆ ಹೆಚ್ಚುಕಡಿಮೆ ಒಂದು ಟನ್ ಶುದ್ಧ ಸುಣ್ಣಕಲ್ಲಿನ ಪುಡಿ, ಎಕರೆಗೆ 400 ಕೆಜಿ ಬೇಕು. ಹಾಗಾಗಿ ಎಕರೆಗೆ ಸುಮಾರು 2.8 ಟನ್. ಒಂಬತ್ತಡಿ ಅಂತರದ ನಮ್ಮ ತೋಟದಲ್ಲಿ ಎಕರೆಗೆ 540 ಮರ. ಮರಕ್ಕೆ ಐದು ಕೆಜಿ!

ಇಡೀ ತೋಟಕ್ಕೆ ಧೈರ್ಯ ಬರಲಿಲ್ಲ. ಇಪ್ಪತ್ತು ಮರಗಳಿಗೆ ಮಾತ್ರ ಹಾಕಿದೆ. ಮರುವರ್ಷ ಆ ಮರಗಳ ಹೊಸ ಸೋಗೆ ಗಿಡ್ಡವಾಗಿ, ಎಸಳು ಸುಕ್ಕುಗಟ್ಟಿ ಬಂತು. ಪಕ್ಕದ ಸಾಲಿನ, ಸುಣ್ಣ ಕಾಣದ ಮರಗಳಲ್ಲಿ ಆ ಸುಕ್ಕು ಇರಲಿಲ್ಲ. ಬುಡದ ಮಣ್ಣಿನ ಪಿಎಚ್ 7.4 ಆಗಿತ್ತು. ಅಷ್ಟು ಏರಿದರೆ ಬೋರಾನ್, ಸತು ಬೇರಿಗೆ ಸರಿಯಾಗಿ ಸಿಗುವುದಿಲ್ಲ.

ತಪ್ಪು ಎರಡು ಕಡೆ ಆಗಿತ್ತು. ಮೊದಲನೆಯದು ಜಾಗದ ಲೆಕ್ಕ. ಎಕರೆ ಲೆಕ್ಕ ಇಡೀ ನೆಲಕ್ಕೆ ಹರಡಿದಾಗಿನದು. ನಾವು ಹಾಕುವುದು ಬುಡದ ಸುತ್ತ ಒಂದು ಮೀಟರ್ ತ್ರಿಜ್ಯದ ವೃತ್ತಕ್ಕೆ, ಅಂದರೆ ಸುಮಾರು ಮೂರು ಚದರ ಮೀಟರ್. ಒಂದು ಮರದ ಪಾಲಿನ ನೆಲ ಏಳೂವರೆ ಚದರ ಮೀಟರ್. ಹಾಗಾಗಿ ಬುಡಕ್ಕೆ ಬಿದ್ದ ಪ್ರಮಾಣ ಲೆಕ್ಕಕ್ಕಿಂತ ಎರಡೂವರೆ ಪಟ್ಟು ಹತ್ತಿರ.

ಎರಡನೆಯದು ಆ 11.2 ಎಂಬ ಸಂಖ್ಯೆಯದೇ. ಪ್ರಯೋಗಾಲಯದವರು ಸಾಮಾನ್ಯವಾಗಿ ಸಿಇಸಿ ಅಳೆಯುವುದು ಪಿಎಚ್ 7ಕ್ಕೆ ಹೊಂದಿಸಿದ ಅಮೋನಿಯಂ ಅಸಿಟೇಟ್ ದ್ರಾವಣದಿಂದ. ನಮ್ಮ ಗೊಚ್ಚು ಮಣ್ಣಿನ ಗೂಟಗಳು ಸ್ಥಿರವಲ್ಲ. ಅದರಲ್ಲಿನ ಕಯೊಲಿನೈಟ್ ಜೇಡಿಗೂ ಕಬ್ಬಿಣದ ಆಕ್ಸೈಡಿಗೂ ಸೊಪ್ಪಿನ ಅಂಶಕ್ಕೂ ಪಿಎಚ್ ಏರಿದಂತೆ ಹೊಸ ಗೂಟ ಮೂಡುತ್ತದೆ, ಇಳಿದಂತೆ ಮಾಯವಾಗುತ್ತದೆ. 4.9ರಲ್ಲಿರುವ ಮಣ್ಣನ್ನು 7ಕ್ಕೆ ತಂದು ಎಣಿಸಿದರೆ, ತೋಟದಲ್ಲಿ ಇಲ್ಲದ ಗೂಟಗಳೂ ಲೆಕ್ಕಕ್ಕೆ ಬರುತ್ತವೆ. ಅವುಗಳನ್ನು ತುಂಬಿಸಲು ಹೊರಡುವುದೆಂದರೆ ಮಣ್ಣನ್ನು ಪಿಎಚ್ 7ರ ಹತ್ತಿರಕ್ಕೆ ಎಳೆಯುವುದೇ. ಅಡಿಕೆಗೆ ಅದು ಬೇಕಾಗಿಲ್ಲ.

ಹುಳಿ ಮಣ್ಣಿನವರು ಕೇಳಿ ಮಾಡಿಸಬೇಕಾದ ಪರೀಕ್ಷೆ ಇನ್ನೊಂದಿದೆ: ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ತೆಗೆಯುವ ವಿನಿಮಯ ಆಮ್ಲೀಯತೆ, ಜೊತೆಗೆ ಅಲ್ಯೂಮಿನಿಯಂ. ಆ ದ್ರಾವಣ ಮಣ್ಣಿನ ಪಿಎಚ್ ಅನ್ನು ಬದಲಿಸಲು ಹೋಗುವುದಿಲ್ಲ. ಸುಣ್ಣ ಹಾಕದ ಭಾಗದ ಮಣ್ಣು ಕಳಿಸಿದೆ. ಅಲ್ಯೂಮಿನಿಯಂ 1.2, ಹೈಡ್ರೋಜನ್ 0.2 ಬಂತು. ಇರುವ 2.1ಕ್ಕೆ ಇದನ್ನು ಸೇರಿಸಿದರೆ 3.5. ತೋಟದಲ್ಲಿ ನಿಜವಾಗಿ ಇರುವ ಗೂಟ ಇಷ್ಟೇ. ಈ ಲೆಕ್ಕದಲ್ಲಿ ಬೇಸ್ ಸ್ಯಾಚುರೇಷನ್ ಶೇ. 60. ಅಲ್ಯೂಮಿನಿಯಂ ಪಾಲು ಶೇ. 34, ತೊಂದರೆ ಇದ್ದದ್ದು ಅಲ್ಲಿ. ಬುಡ ಬಿಡಿಸುವಾಗ ಕಾಣುತ್ತಿದ್ದ ಮೊಂಡು ಮೊಂಡಾದ ಬೇರಿನ ತುದಿಗೆ ಅದೇ ಕಾರಣವಿರಬೇಕು.

ಹಾಗಾದರೆ ಸುಣ್ಣ ಹಾಕಬೇಕಾದದ್ದು ಅಲ್ಯೂಮಿನಿಯಂ ಅನ್ನು ಗೂಟದಿಂದ ಬಿಡಿಸಲು ಬೇಕಾದಷ್ಟು. ಮಳೆಗೆ ತೊಳೆದುಹೋದ ಮಣ್ಣಿಗೆ ಈ ಲೆಕ್ಕವನ್ನು ಉತ್ತರ ಕೆರೊಲಿನಾದ ಕ್ಯಾಂಪ್ರಾತ್ 1970ರಲ್ಲಿ ತೋರಿಸಿಕೊಟ್ಟರು. ಒಂದಷ್ಟು ಸುಣ್ಣ ಸಾವಯವ ಅಂಶದ ಆಮ್ಲಕ್ಕೂ ಖರ್ಚಾಗುವುದರಿಂದ ಅಲ್ಯೂಮಿನಿಯಂ ಅನ್ನು ಒಂದೂವರೆಯಿಂದ ಗುಣಿಸಬೇಕು: 1.8. ಎಕರೆಗೆ 720 ಕೆಜಿ, ಇಡೀ ನೆಲಕ್ಕೆ ಹರಡಿದರೆ ಮರಕ್ಕೆ 1.3 ಕೆಜಿ, ಬುಡಕ್ಕೆ ಮಾತ್ರ ಹಾಕಿದರೆ ಅರ್ಧ ಕೆಜಿಗಿಂತ ಚೂರು ಜಾಸ್ತಿ. ಕಾಗದದ ಮೇಲೆ ಈ ಅರ್ಧ ಕೆಜಿ ಬಂದಾಗ ನಾನು ಮತ್ತೊಮ್ಮೆ ಲೆಕ್ಕ ಮಾಡಿದೆ. ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕೆಜಿ ಸುಣ್ಣ ಎಂದು ಅಪ್ಪಯ್ಯ ಹೇಳುತ್ತಿದ್ದರು.

ಸುಣ್ಣದ ಬದಲು ಮೆಗ್ನೀಸಿಯಂ ಕೂಡ ಇರುವ ಡೋಲೋಮೈಟ್ ಆರಿಸಿಕೊಂಡೆ, ಮೆಗ್ನೀಸಿಯಂ 0.3 ಮಾತ್ರ ಇದ್ದುದರಿಂದ. ಹಿಟ್ಟಿನಷ್ಟು ನುಣ್ಣಗಿರುವುದೇ ಬೇಕು. ಮರಳಿನಂಥ ದಪ್ಪ ಪುಡಿ ವರ್ಷಗಟ್ಟಲೆ ಕರಗದೆ ಕೂರುತ್ತದೆ. ಮಳೆಗಾಲದ ಮೊದಲ ಮಳೆ ಬಿದ್ದು ಮಣ್ಣು ಹದವಾದಾಗ ಹಾಕಿ ಕೈಯಲ್ಲೇ ಕೆದಕಿ ಬೆರೆಸಿದೆ. ಯೂರಿಯಾ, ಹಸಿ ಸಗಣಿ ಗೊಬ್ಬರವನ್ನು ಅದರ ಜೊತೆ ಹಾಕಲಿಲ್ಲ, ತಿಂಗಳು ಬಿಟ್ಟೆ. ಜೊತೆಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಆ 3.5 ನನ್ನ ಪೊಟ್ಯಾಶ್ ಹಾಕುವ ರೀತಿಯನ್ನೂ ಬದಲಿಸಿತು. ಮರಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಶ್ ಶಿಫಾರಸು, ಅಂದರೆ ಸುಮಾರು 235 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಶ್. ಆಳಿನ ತಾಪತ್ರಯಕ್ಕೆ ನಾನು ಅಷ್ಟನ್ನೂ ಮೇ ತಿಂಗಳಲ್ಲಿ ಒಮ್ಮೆಗೇ ಹಾಕುತ್ತಿದ್ದೆ. ಬುಡದ ವೃತ್ತದ ಹದಿನೈದು ಸೆಂಟಿಮೀಟರ್ ಮಣ್ಣು ಸುಮಾರು 620 ಕೆಜಿ ತೂಗುತ್ತದೆ. ಅಷ್ಟು ಮಣ್ಣಿಗೆ ಆ ಪೊಟ್ಯಾಶಿನಲ್ಲಿರುವ ಪೊಟ್ಯಾಸಿಯಂ ಹಂಚಿದರೆ 0.48 ಸೆಂಟಿಮೋಲ್. ಇರುವ ಮೆಗ್ನೀಸಿಯಂಗಿಂತ ಹೆಚ್ಚು ಪೊಟ್ಯಾಶ್ ಒಂದೇ ದಿನ ಕೊಟ್ಟಿಗೆಗೆ ನುಗ್ಗಿದ ಹಾಗೆ. ಒಂದಷ್ಟು ಮೆಗ್ನೀಸಿಯಂ ಗೂಟ ಬಿಟ್ಟು ನೀರಿಗೆ ಬರುತ್ತದೆ, ಜಾಗ ಸಿಗದ ಪೊಟ್ಯಾಶೂ ನೀರಿನಲ್ಲೇ ಇರುತ್ತದೆ. ಗೊಬ್ಬರದ ಕ್ಲೋರೈಡ್ ಮಳೆ ನೀರಿನ ಜೊತೆ ಇಳಿಯುವಾಗ ತನ್ನಷ್ಟೇ ಧನ ಅಂಶವನ್ನು ಎಳೆದುಕೊಂಡೇ ಹೋಗುತ್ತದೆ. ಮೆಗ್ನೀಸಿಯಂ ಕಡಿಮೆಯಾಗಿ ಬಂದ ಹಳದಿ ಸೋಗೆಗೆ ನಾನೇ ಹಾಕಿದ ಪೊಟ್ಯಾಶ್ ಕಾರಣ ಎಂದು ಅನ್ನಿಸಿದ್ದು ಆಗ. ಈಗ ನಾಲ್ಕು ಕಂತು: ಮೇ ತಿಂಗಳಲ್ಲಿ ಸಣ್ಣದು, ಜೋರು ಮಳೆ ಮುಗಿದ ಮೇಲೆ ಸೆಪ್ಟೆಂಬರ್, ನವೆಂಬರ್, ಮತ್ತೆ ಫೆಬ್ರವರಿಯಲ್ಲಿ ನೀರು ಹಾಯಿಸುವಾಗ. ಆಳಿನ ಖರ್ಚು ಹೆಚ್ಚಾಯಿತು, ಗೊಬ್ಬರ ಅಷ್ಟೇ.

ಈ ಲೆಕ್ಕ ಎಲ್ಲ ಮಣ್ಣಿಗೂ ಹೊಂದುವುದಿಲ್ಲ. ರಾಣೆಬೆನ್ನೂರು ಕಡೆಯ ಸ್ನೇಹಿತನ ಎರೆ ಹೊಲದ ವರದಿಯಲ್ಲಿ ಸಿಇಸಿ 48, ಬೇಸ್ ಸ್ಯಾಚುರೇಷನ್ ಶೇ. 131 ಎಂದಿತ್ತು. ನೂರಕ್ಕಿಂತ ಹೆಚ್ಚು ಗೂಟ ತುಂಬುವುದು ಸಾಧ್ಯವೇ ಇಲ್ಲ. ಅಲ್ಲಿನ ಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತದೆ, ಪರೀಕ್ಷೆಯ ದ್ರಾವಣ ಅದನ್ನೂ ಕರಗಿಸಿ ಕ್ಯಾಲ್ಸಿಯಂ ಲೆಕ್ಕಕ್ಕೆ ಸೇರಿಸುತ್ತದೆ. ಅಂಥ ವರದಿಯಲ್ಲಿ ಬೇಸ್ ಸ್ಯಾಚುರೇಷನ್ ಸಾಲನ್ನು ಬಿಟ್ಟು, ಸೋಡಿಯಂ ಸಿಇಸಿಯ ಶೇಕಡಾ ಎಷ್ಟು ಎಂದು ನೋಡಬೇಕು. 15 ದಾಟಿದರೆ ಚೌಳು. ಅವನದು 1.2, ಅಂದರೆ ಶೇ. 2.5 ಮಾತ್ರ. ಚೌಳು ಮಣ್ಣಿಗೆ ಹಾಕುವ ಜಿಪ್ಸಂಗೆ ದುಡ್ಡು ಹಾಕಬೇಡ ಎಂದೆ.

ಗೂಟಗಳ ಸಂಖ್ಯೆಯನ್ನೇ ಹೆಚ್ಚಿಸಬಹುದೇ? ನಮ್ಮ ಜೇಡಿಯನ್ನು ಬದಲಿಸಲಾಗದು. ಸೊಪ್ಪು ನಮ್ಮ ಕೈಯಲ್ಲಿದೆ. ಶೇ. 1.6 ಇಂಗಾಲವೆಂದರೆ ಶೇ. 2.75ರಷ್ಟು ಸಾವಯವ ಅಂಶ. ಚೆನ್ನಾಗಿ ಕೊಳೆತ ಹ್ಯೂಮಸ್‌ಗೆ ಕೆಜಿಗೆ 200 ಸೆಂಟಿಮೋಲ್ ಎಂದು ಹಿಡಿದರೆ ಆ 11.2ರಲ್ಲಿ ಸುಮಾರು ಅರ್ಧ ಅದರದೇ. ಹುಳಿ ಹೆಚ್ಚಿದಾಗ ಅದರ ಬಹುಪಾಲು ಗೂಟ ಮುಚ್ಚಿಕೊಂಡಿರುತ್ತದೆ, ಡೋಲೋಮೈಟ್ ಅದನ್ನು ಸ್ವಲ್ಪ ತೆರೆಯುತ್ತದೆ. ಬೆಟ್ಟದ ಸೊಪ್ಪು ತರುವುದನ್ನು ಆಳಿಲ್ಲವೆಂದು ಎರಡು ವರ್ಷ ನಿಲ್ಲಿಸಿದ್ದೆ. ಮತ್ತೆ ಶುರು ಮಾಡಿದೆ.

ಎರಡು ವರ್ಷದ ಮೇಲೆ ಅದೇ ಜಾಗದಿಂದ, ಅದೇ ಆಳದಿಂದ, ಅದೇ ಪ್ರಯೋಗಾಲಯಕ್ಕೆ ಮಣ್ಣು ಕಳಿಸಿದೆ. ಪಿಎಚ್ 5.5. ಕ್ಯಾಲ್ಸಿಯಂ 2.5, ಮೆಗ್ನೀಸಿಯಂ 0.8, ಪೊಟ್ಯಾಶ್ 0.25, ಅಲ್ಯೂಮಿನಿಯಂ 0.2ಕ್ಕೆ ಇಳಿದಿತ್ತು. ಸೋಡಿಯಂ, ಹೈಡ್ರೋಜನ್ ಕೂಡ ಸೇರಿಸಿದರೆ ತೋಟದ ನಿಜವಾದ ಗೂಟಗಳು 3.5ರಿಂದ 3.9 ಆಗಿದ್ದವು, ಅದರಲ್ಲಿ ಶೇ. 92 ತುಂಬಿತ್ತು. ಕೆಳಗಿನ ಸೋಗೆಗಳ ಹಳದಿ ಬಹಳಷ್ಟು ಕಡಿಮೆಯಾಗಿದೆ. ವರದಿಯ ಕೊನೆಯ ಸಾಲಿನಲ್ಲಿ, ಪಿಎಚ್ 7ರ ಲೆಕ್ಕದಲ್ಲಿ, ಬೇಸ್ ಸ್ಯಾಚುರೇಷನ್ ಶೇ. 32 ಎಂದು ಈಗಲೂ ಕೆಂಪಕ್ಷರದಲ್ಲೇ ಇದೆ. ಈ ವರ್ಷ ಸುಣ್ಣವನ್ನಾಗಲಿ ಡೋಲೋಮೈಟನ್ನಾಗಲಿ ಹಾಕುತ್ತಿಲ್ಲ. ಆ ಇಪ್ಪತ್ತು ಮರಗಳಿಗೆ ಮಾತ್ರ ಸೊಪ್ಪು ಎರಡು ಹೊರೆ ಹೆಚ್ಚು ಹಾಕುತ್ತಿದ್ದೇನೆ.