ಕ್ಲೈಮು ತಿರಸ್ಕಾರದ ಪತ್ರವನ್ನು ನಾನು ಓದುವ ರೀತಿ

ಹಾಸನದಲ್ಲಿ ವಕೀಲಿಕೆ ಮಾಡುತ್ತೇನೆ. ವಿಮೆಯ ಕೇಸು ಬಂದರೆ ಪಾಲಿಸಿಗಿಂತ ಮೊದಲು ತಿರಸ್ಕಾರದ ಪತ್ರ ಕೇಳುತ್ತೇನೆ. ‘ಮುಖ್ಯ ಸಂಗತಿ ಮುಚ್ಚಿಟ್ಟಿದ್ದೀರಿ’ ಎಂದಿದ್ದರೆ ಅದು ಪರಮ ಸದ್ಭಾವದ ಜಗಳ, ಅಂದರೆ ವಿಮೆ ಮಾಡಿಸುವವರು ತಮಗೆ ಗೊತ್ತಿರುವ ಮುಖ್ಯ ಸಂಗತಿಯನ್ನೆಲ್ಲ ಕಂಪನಿಗೆ ಹೇಳಬೇಕೆಂಬ ನಿಯಮದ ಜಗಳ. ‘ನಿಮಗೆ ಇದರಲ್ಲಿ ವಿಮಾ ಹಿತಾಸಕ್ತಿ ಇಲ್ಲ’ ಎಂದಿದ್ದರೆ, ಅಂದರೆ ಆ ಜೀವ ಅಥವಾ ವಸ್ತು ಹೋದರೆ ನಿಮಗೆ ನಷ್ಟವಾಗುವ ಸಂಬಂಧವೇ ಇಲ್ಲ ಎಂದಿದ್ದರೆ, ಜಗಳವೇ ಬೇರೆ.

ಅರಕಲಗೂಡು ಕಡೆಯ ಹೆಣ್ಣುಮಗಳೊಬ್ಬರ ಕೇಸು ಹೇಳುತ್ತೇನೆ. ಗಂಡ 5 ಲಕ್ಷದ ಜೀವವಿಮೆ ಮಾಡಿಸಿ ಒಂದೂವರೆ ವರ್ಷಕ್ಕೆ ಹೃದಯಾಘಾತದಿಂದ ತೀರಿಕೊಂಡರು. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿಯಲ್ಲಿ ‘5 ವರ್ಷದಿಂದ ಶುಗರ್’ ಎಂದು ಬರೆದಿತ್ತು. ಪಾಲಿಸಿಗೆ ಅರ್ಜಿ ಹಾಕುವ ಪ್ರಪೋಸಲ್ ಫಾರ್ಮಿನಲ್ಲಿ ಶುಗರ್ ಇದೆಯೇ ಎಂಬ ಪ್ರಶ್ನೆಗೆ ‘ಇಲ್ಲ’ ಎಂದಿತ್ತು. ಕಂಪನಿ ಕ್ಲೈಮು ಕೊಡಲಿಲ್ಲ.

ಮೊದಲು ದಿನಾಂಕ ನೋಡಿದೆ. 1938ರ ವಿಮಾ ಕಾಯ್ದೆಯ 45ನೇ ಕಲಮಿನ ಪ್ರಕಾರ ಪಾಲಿಸಿಗೆ 3 ವರ್ಷ ತುಂಬಿದರೆ ಯಾವ ಕಾರಣಕ್ಕೂ, ಮೋಸ ಅಂತ ಹೇಳಿಯೂ, ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲ್ತಿ ಮಾಡಿಸಿದ್ದರೆ ಆ ದಿನದಿಂದ ಎಣಿಕೆ ಹೊಸದಾಗಿ ಶುರು. ಇದನ್ನು ಎಷ್ಟೋ ಜನ ಮರೆತುಬಿಡುತ್ತಾರೆ. ನಮ್ಮ ಕೇಸಿನಲ್ಲಿ 3 ವರ್ಷ ಆಗಿರಲಿಲ್ಲ, ಹಾಗಾಗಿ ಆ ದಾರಿ ಮುಚ್ಚಿತ್ತು.

ಎರಡನೆಯದು, ಪತ್ರದಲ್ಲಿ ‘ಮೋಸ’ ಅಂದಿದ್ದಾರೋ, ಬರೀ ‘ಮುಚ್ಚಿಟ್ಟಿದ್ದಾರೆ’ ಅಂದಿದ್ದಾರೋ? ಮೋಸ ಅಂದಿದ್ದರೆ, ಬೇಕೆಂದು ಮುಚ್ಚಿಡಲಿಲ್ಲ ಎಂದು ತೋರಿಸುವ ಹೊರೆ ಹಣ ಕೇಳುವವರ ಮೇಲೆ ಬೀಳುತ್ತದೆ. ಬರೀ ಮುಚ್ಚಿಟ್ಟ ಆರೋಪವಾದರೆ ಹೊರೆ ಕಂಪನಿಯದು. ಈ ಸಂಗತಿ ಗೊತ್ತಿದ್ದರೆ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ ಎಂದು ಅದು ತೋರಿಸಬೇಕು. ಕ್ಲೈಮು ನಿರಾಕರಿಸಿದರೂ ಕಟ್ಟಿದ ಪ್ರೀಮಿಯಂ ಅನ್ನು 90 ದಿನದೊಳಗೆ ವಾಪಸ್ ಮಾಡಬೇಕು. ನಮ್ಮ ಪತ್ರದಲ್ಲಿ ‘ಮೋಸ’ ಎಂಬ ಮಾತೇ ಇರಲಿಲ್ಲ. ಪ್ರೀಮಿಯಂ ಕೂಡ ವಾಪಸ್ ಬಂದಿರಲಿಲ್ಲ.

ಮೂರನೆಯದು ಪುರಾವೆ. ಡಿಸ್ಚಾರ್ಜ್ ಸಮರಿಯಲ್ಲಿ ಆ ‘5 ವರ್ಷ’ ಎಲ್ಲಿಂದ ಬಂತು? ಎಮರ್ಜೆನ್ಸಿಯಲ್ಲಿ ಜೊತೆಗಿದ್ದ ಯಾರೋ ಹೇಳಿದ್ದನ್ನು ಡ್ಯೂಟಿ ಡಾಕ್ಟರು ಬರೆದುಕೊಂಡಿರಬಹುದು. ನಾನು ಹೆಂಡತಿಯನ್ನೇ ನೇರವಾಗಿ ಕೇಳಿದೆ: “ಪಾಲಿಸಿ ಮಾಡಿಸೋಕೆ ಮುಂಚೆ ಶುಗರ್ ಮಾತ್ರೆ ತಗೊಳ್ತಿದ್ರಾ? ನಿಜ ಹೇಳಮ್ಮ, ಆಮೇಲೆ ಚೀಟಿ ಸಿಕ್ಕಿದ್ರೆ ಕೇಸು ಹೋಗುತ್ತೆ.” “ಇಲ್ಲ ಸಾರ್, ಹೋದ ವರ್ಷ ಗೊತ್ತಾಗಿದ್ದು” ಅಂದರು. ಮನೆಯಲ್ಲಿದ್ದ ಹಳೆಯ ರಕ್ತಪರೀಕ್ಷೆ ವರದಿಗಳನ್ನೆಲ್ಲ ತರಿಸಿ ನೋಡಿದೆ. ಅತಿ ಹಳೆಯದೂ ಪಾಲಿಸಿಯ ನಂತರದ್ದೇ.

ಫಾರ್ಮು ತುಂಬಿದ್ದು ಏಜೆಂಟ್, ಅದೂ ಇಂಗ್ಲಿಷಿನಲ್ಲಿ. ಸಹಿ ಮಾತ್ರ ಕನ್ನಡದ್ದು. ಒಪ್ಪಂದ ಮಾಡಿಸುವ ಮಟ್ಟಿಗೆ ಏಜೆಂಟನನ್ನು ಕಂಪನಿಯ ಪ್ರತಿನಿಧಿ ಎಂದೇ 45ನೇ ಕಲಮು ಎಣಿಸುತ್ತದೆ. ಇದು ನಮಗೆ ಅನುಕೂಲವೇ, ಆದರೆ ನಾನು ಇದರ ಮೇಲೆ ಜಾಸ್ತಿ ಭಾರ ಹಾಕಲಿಲ್ಲ. ಓದದೆ ಸಹಿ ಹಾಕಿದೆ ಅಂದರೆ ಕೋರ್ಟು ಸುಮ್ನೆ ಬಿಡುವುದಿಲ್ಲ. 2019ರಲ್ಲಿ ರೇಖಾಬೆನ್ ಪ್ರಕರಣದಲ್ಲಿ, ಬೇರೆ ಪಾಲಿಸಿ ಇರುವುದನ್ನು ಫಾರ್ಮಿನಲ್ಲಿ ಹೇಳದ್ದಕ್ಕೆ ಕ್ಲೈಮು ನಿರಾಕರಿಸಿದ್ದು ಸರಿ ಎಂದೇ ಸುಪ್ರೀಂ ಕೋರ್ಟ್ ಹೇಳಿತು. ಸಾವಿಗೂ ಮುಚ್ಚಿಟ್ಟ ಕಾಯಿಲೆಗೂ ಸಂಬಂಧವಿಲ್ಲ ಎಂಬ ವಾದವೂ ನಮಗೆ ಸಿಗುತ್ತಿರಲಿಲ್ಲ. ಶುಗರಿಗೂ ಹೃದಯಕ್ಕೂ ನಂಟಿದೆ, ಅಲ್ವಾ?

ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಒಂದೇ ಪ್ರಶ್ನೆ ಇಟ್ಟೆ: ಪಾಲಿಸಿಗಿಂತ ಹಿಂದಿನ ಒಂದಾದರೂ ಚಿಕಿತ್ಸೆಯ ದಾಖಲೆ ಎಲ್ಲಿ? ಕಂಪನಿ ಆ ಸಮರಿಯೊಂದನ್ನೇ ಹಿಡಿದುಕೊಂಡಿತ್ತು. ಬರೆದ ಡಾಕ್ಟರ ಅಫಿಡವಿಟ್ ಕೂಡ ತರಲಿಲ್ಲ. ಆದೇಶ ನಮ್ಮ ಕಡೆ ಬಂತು. ಹಳೆಯ ಚೀಟಿ ಒಂದು ಸಿಕ್ಕಿದ್ದರೆ ಪ್ರೀಮಿಯಂ ವಾಪಸ್ ಕೇಳುವುದಷ್ಟೇ ಉಳಿಯುತ್ತಿತ್ತು.

ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರ ಕೇಸಿನಲ್ಲಿ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡು ಆರ್‌ಸಿ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ವಿಮೆ ಹಳೆಯ ಮಾಲೀಕರ ಹೆಸರಲ್ಲೇ ಇತ್ತು. ಕೆಲವು ತಿಂಗಳ ಮೇಲೆ ಘಾಟಿಯಲ್ಲಿ ಗಾಡಿ ಮಗುಚಿತು. ಹಳೆಯವರಿಗೆ ಗಾಡಿ ಇಲ್ಲ, ಹೊಸಬರಿಗೆ ಪಾಲಿಸಿ ಇಲ್ಲ. ಜೀವವಿಮೆಯಲ್ಲಿ ಹಿತಾಸಕ್ತಿ ಪಾಲಿಸಿ ಮಾಡಿಸುವಾಗ ಇದ್ದರೆ ಸಾಕು. ಗಾಡಿಯಲ್ಲಿ ನಷ್ಟವಾದ ದಿನವೂ ಇರಬೇಕು.

“ಮೋಟಾರು ಕಾಯ್ದೆ ಪ್ರಕಾರ ಪಾಲಿಸಿ ತಾನಾಗೇ ನನ್ನ ಹೆಸರಿಗೆ ಬರುತ್ತಂತಲ್ಲ?” ಎಂದು ಕೇಳಿದರು. 157ನೇ ಕಲಮಿನಿಂದ ತಾನಾಗಿ ಬರುವುದು ಮೂರನೆಯವರಿಗೆ, ಅಂದರೆ ಗಾಡಿಯಿಂದ ಹಾನಿಯಾದ ಹೊರಗಿನವರಿಗೆ, ಕೊಡಬೇಕಾದ ಪರಿಹಾರದ ಭಾಗ ಮಾತ್ರ. ಸ್ವಂತ ಗಾಡಿಯ ಡ್ಯಾಮೇಜಿಗೆ ಕಂಪನಿ ಒಪ್ಪಿ ಹೆಸರು ಬದಲಿಸಿರಬೇಕು ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆರ್‌ಸಿ ಬದಲಾಗದೆ ಹಳೆಯ ಹೆಸರಲ್ಲೇ ಇದ್ದಿದ್ದರೆ ಹಳೆಯ ಮಾಲೀಕರ ಮೂಲಕವಾದರೂ ಕೇಳಬಹುದಿತ್ತು. 2020ರ ಸುರೇಂದ್ರ ಕುಮಾರ್ ಭಿಲಾವೆ ತೀರ್ಪು ಅದಕ್ಕೆ ಆಸರೆ. ಇಲ್ಲಿ ಆರ್‌ಸಿ ಬದಲಾಗಿತ್ತು. ಕೇಸು ಹಾಕುವುದು ಬೇಡ ಎಂದು ಫೈಲು ವಾಪಸ್ ಕೊಟ್ಟೆ.